ಜಾಣರ ಗುಂಪು ಯಾಕೆ ಸೋತಿತು? ತಂಡದ ಪಾತ್ರಗಳ ಸಿದ್ಧಾಂತವನ್ನು ಎಂಟನೇ ತರಗತಿಯಲ್ಲಿ ಬಳಸಿ ನೋಡಿದ ಅನುಭವ

ಅಭ್ಯಾಸ ಬೋಧನೆಗೆಂದು ನಾನು ಬಸವಾಪಟ್ಟಣದ ಪ್ರೌಢಶಾಲೆಯೊಂದರಲ್ಲಿದ್ದಾಗ ನಡೆದ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಪೋಷಕರ ಸಭೆಯ ದಿನ ಎಂಟನೇ ತರಗತಿಯ ಮಕ್ಕಳು ಮಾಡಿದ ವಿಜ್ಞಾನ ಚಾರ್ಟುಗಳನ್ನು ಗೋಡೆಗೆ ಅಂಟಿಸಿದ್ದೆ. 'ಬೆಳೆ ಉತ್ಪಾದನೆ ಮತ್ತು ನಿರ್ವಹಣೆ' ಪಾಠದ ಜೊತೆ ಕೊಟ್ಟ ಗುಂಪು ಯೋಜನೆ ಅದು. ಗದ್ದೆಯ ಮಣ್ಣು ಮತ್ತು ಅಡಿಕೆ ತೋಟದ ಮಣ್ಣು, ಇವೆರಡರಲ್ಲಿ ಯಾವುದು ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯಬೇಕಿತ್ತು. ತರಗತಿಯ ಅತಿ ಜಾಣ ಮಕ್ಕಳ ಗುಂಪಿನ ಚಾರ್ಟು ಮಧ್ಯದಲ್ಲಿತ್ತು. ಅದರ ಕೊನೆಯ ಸಾಲು, 'ಗದ್ದೆ ಮಣ್ಣಿಗಿಂತ ತೋಟದ ಮಣ್ಣು ಹೆಚ್ಚು ನೀರು ಹಿಡಿಯುತ್ತದೆ' ಎಂದಿತ್ತು. ಹಿಂದೆ ನಿಂತು ಓದುತ್ತಿದ್ದ ರೈತರೊಬ್ಬರು ನಕ್ಕು, "ಗದ್ದೆ ಮಣ್ಣು ನೀರು ಹಿಡಿಯಲ್ಲ ಅಂದ್ರೆ ನಾವು ಭತ್ತ ಹೆಂಗೆ ಬೆಳೀತೀವಿ ಮೇಷ್ಟ್ರೇ?" ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ಆ ಗುಂಪಿನಲ್ಲಿದ್ದ ಒಬ್ಬ ಹುಡುಗಿಯ ಬಳಿ ಇತ್ತು. ವಾರದ ಹಿಂದೆ ಪ್ರಯೋಗದ ಮಧ್ಯದಲ್ಲಿ ಅವಳು ಗದ್ದೆಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿ, "ಇದು ಉಂಡೆ ಆಗ್ತಿದೆ ಸರ್, ಇನ್ನೂ ಒಣಗಿಲ್ಲ" ಎಂದಿದ್ದಳು. ಅವಧಿ ಮುಗಿಯಲು ಐದು ನಿಮಿಷವಿತ್ತು. "ಈಗ ಟೈಮ್ ಇಲ್ಲಮ್ಮ, ಮುಂದಕ್ಕೆ ಮಾಡಿ" ಎಂದು ನಾನೇ ಸುಮ್ಮನಾಗಿಸಿದ್ದೆ. ಆಮೇಲೆ ಮೂರು ಪಾಠಗಳಲ್ಲಿ ಅವಳು ಒಂದು ಮಾತೂ ಆಡಲಿಲ್ಲ.

ತಪ್ಪು ಎಲ್ಲಿ ಆಯಿತು ಎಂದು ಹುಡುಕುತ್ತಾ ಹೋದಾಗ ನಾನು ಗುಂಪು ಕಟ್ಟಿದ ಬಗೆಯಲ್ಲೇ ದೋಷವಿದೆ ಎಂದು ತಿಳಿಯಿತು. ಅದನ್ನು ಅರ್ಥ ಮಾಡಿಕೊಳ್ಳಲು ಮತ್ತು ಎರಡನೇ ಸಲ ಸರಿಪಡಿಸಲು ಮೆರಿಡಿತ್ ಬೆಲ್ಬಿನ್ ಅವರ ತಂಡದ ಪಾತ್ರಗಳ ಸಿದ್ಧಾಂತ ನನಗೆ ನೆರವಾಯಿತು. ಅದು ತರಗತಿಯಲ್ಲಿ ಎಷ್ಟು ದೂರ ಕೆಲಸ ಮಾಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಸುತ್ತಿನಲ್ಲಿ ಆದದ್ದು

ತರಗತಿಯಲ್ಲಿ 35 ಮಕ್ಕಳಿದ್ದರು. ಐದೈದು ಮಕ್ಕಳ ಏಳು ಗುಂಪು ಮಾಡಿದೆ. ಪೋಷಕರ ಸಭೆಯಲ್ಲಿ ಕನಿಷ್ಠ ಒಂದಾದರೂ ಒಳ್ಳೆಯ ಚಾರ್ಟು ಇರಲಿ ಎಂಬ ಆಸೆಯಿಂದ, ಕಿರುಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ನಾಲ್ವರನ್ನು ಒಂದೇ ಗುಂಪಿಗೆ ಹಾಕಿದೆ. ಐದನೆಯವಳಾಗಿ, ಲೆಕ್ಕ ಸರಿಹೊಂದಲಿ ಎಂದು, ಸಾಧಾರಣ ಅಂಕದ ಈ ಹುಡುಗಿಯನ್ನು ಸೇರಿಸಿದೆ.

ಆ ದಿನ ನನ್ನ ಪಾಠ ವೀಕ್ಷಿಸುತ್ತಿದ್ದ ಸಹಪಾಠಿ ಈ ಗುಂಪಿನ ಬಳಿಯೇ ಕುಳಿತಿದ್ದ. ಇಪ್ಪತ್ತು ನಿಮಿಷ, ಪ್ರತಿ ಅರ್ಧ ನಿಮಿಷಕ್ಕೊಮ್ಮೆ, ಆ ಕ್ಷಣದಲ್ಲಿ ಗುಂಪು ಏನು ಮಾಡುತ್ತಿದೆ ಎಂದು ಒಂದು ಗೆರೆ ಎಳೆದಿದ್ದ. ಒಟ್ಟು 40 ಗೆರೆ. ಸಭೆಯ ಮರುದಿನ ಅವನ ಹಾಳೆಯನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ಹೊಸ ಸಲಹೆ ಕೊಟ್ಟದ್ದಕ್ಕೆ 19 ಗೆರೆ, ಇನ್ನೊಬ್ಬರ ಸಲಹೆಯನ್ನು ತಳ್ಳಿಹಾಕಿದ್ದಕ್ಕೆ 12 ಗೆರೆ ಇದ್ದವು. ಯಾರು ಏನು ಮಾಡಬೇಕು ಎಂದು ಹೊಂದಿಸಿದ್ದಕ್ಕೆ ಎರಡು, ಬರೆದು ಮುಗಿಸಿದ್ದಕ್ಕೆ ಒಂದು. ಉಳಿದ ಆರು ಬೇರೆ ಮಾತು.

ಅಂದರೆ ನಾಲ್ವರೂ ತಮ್ಮ ತಮ್ಮ ಉಪಾಯವನ್ನು ಗೆಲ್ಲಿಸಲು ಹೊರಟಿದ್ದರು. ಆಲಿಕೆ ಇಡಬೇಕೋ, ಬಾಟಲಿ ಕತ್ತರಿಸಬೇಕೋ, ಬಟ್ಟೆಯಲ್ಲಿ ಕಟ್ಟಬೇಕೋ ಎಂಬ ವಾದದಲ್ಲಿ ಅವಧಿಯ ಮುಕ್ಕಾಲು ಪಾಲು ಹೋಯಿತು. ಕೊನೆಗೆ ಅವಸರದಲ್ಲಿ ಒಂದೊಂದೇ ಸಲ ಅಳೆದರು. 50 ಗ್ರಾಂ ಗದ್ದೆ ಮಣ್ಣು 8 ಮಿ.ಲೀ. ನೀರು ಹೀರಿತು, ಅಂದರೆ 16 ಶೇಕಡ. 50 ಗ್ರಾಂ ತೋಟದ ಮಣ್ಣು 15 ಮಿ.ಲೀ. ಹೀರಿತು, 30 ಶೇಕಡ. ಗದ್ದೆ ಮಣ್ಣು ನಾಲೆಯ ನೀರಿನಲ್ಲಿ ಆಗಲೇ ನೆನೆದಿತ್ತು. ಕುಡಿದು ಬಂದವನಿಗೆ ಮತ್ತೆ ನೀರು ಕೊಟ್ಟು, ಇವನಿಗೆ ಬಾಯಾರಿಕೆ ಕಡಿಮೆ ಎಂದು ಬರೆದ ಹಾಗಾಯಿತು. ಅದನ್ನು ಕಂಡವಳು ಒಬ್ಬಳೇ. ಅವಳ ಮಾತಿಗೆ ಆ ಗುಂಪಿನಲ್ಲಿ ಜಾಗವಿರಲಿಲ್ಲ, ನಾನೂ ಜಾಗ ಮಾಡಿಕೊಡಲಿಲ್ಲ.

ಬೆಲ್ಬಿನ್ ಕಂಡದ್ದು

ನನ್ನ ತರಗತಿಯಲ್ಲಿ ಆದದ್ದು ಹೊಸದೇನಲ್ಲ. ಇಂಗ್ಲೆಂಡಿನ ಹೆನ್ಲಿಯಲ್ಲಿ ಆಡಳಿತಗಾರರಿಗೆ ತರಬೇತಿ ಕೊಡುವ ಕಾಲೇಜಿನಲ್ಲಿ 1969ರಿಂದ ಸುಮಾರು ಒಂಬತ್ತು ವರ್ಷ ಬೆಲ್ಬಿನ್ ಮತ್ತು ಅವರ ಸಂಗಡಿಗರು ತಂಡಗಳನ್ನು ಅಧ್ಯಯನ ಮಾಡಿದರು. ತರಬೇತಿಗೆ ಬಂದವರನ್ನು ತಂಡಗಳಾಗಿ ಮಾಡಿ ವ್ಯಾಪಾರದ ಆಟವೊಂದನ್ನು ಆಡಿಸುತ್ತಿದ್ದರು. ಕೊನೆಯಲ್ಲಿ ಯಾವ ತಂಡದ ಬಳಿ ಹೆಚ್ಚು ಹಣ ಉಳಿದಿದೆ ಎಂಬುದೇ ಗೆಲುವಿನ ಅಳತೆ. ಆಟಕ್ಕೆ ಮೊದಲು ಪ್ರತಿಯೊಬ್ಬರಿಗೂ ಬುದ್ಧಿಶಕ್ತಿ ಮತ್ತು ವ್ಯಕ್ತಿತ್ವದ ಪರೀಕ್ಷೆಗಳನ್ನು ಕೊಡಲಾಗುತ್ತಿತ್ತು. ಆಟದ ಹೊತ್ತಿನಲ್ಲಿ ವೀಕ್ಷಕರು ಪ್ರತಿ ಅರ್ಧ ನಿಮಿಷಕ್ಕೊಮ್ಮೆ, ಯಾರು ಕೇಳಿದರು, ಯಾರು ಪ್ರಸ್ತಾಪಿಸಿದರು, ಯಾರು ವಿರೋಧಿಸಿದರು ಎಂದು ಗುರುತು ಹಾಕುತ್ತಿದ್ದರು. ನನ್ನ ಸಹಪಾಠಿ ಎಳೆದ ಗೆರೆಗಳ ಮೂಲ ಇದೇ.

ಬೆಲ್ಬಿನ್ ಒಂದು ಹಂತದಲ್ಲಿ ಪರೀಕ್ಷೆಗಳಲ್ಲಿ ಅತಿ ಹೆಚ್ಚು ಅಂಕ ಪಡೆದವರನ್ನೆಲ್ಲ ಒಂದೇ ತಂಡಕ್ಕೆ ಸೇರಿಸಿದರು. ಚಂದ್ರಯಾನದ ನೆನಪಿನಲ್ಲಿ ಇಂಥ ತಂಡಗಳಿಗೆ 'ಅಪೋಲೊ' ಎಂಬ ಹೆಸರು ಬಂತು. ಇವೇ ಗೆಲ್ಲುತ್ತವೆ ಎಂದು ಎಲ್ಲರಿಗೂ ಅನಿಸಿತ್ತು. ಆದರೆ ಹಾಗೆ ಕಟ್ಟಿದ 25 ತಂಡಗಳಲ್ಲಿ ಗೆದ್ದವು ಮೂರೇ. ಎಂಟು ತಂಡಗಳ ಪೈಪೋಟಿಯಲ್ಲಿ ಅವು ಹೆಚ್ಚು ಸಲ ಬಂದದ್ದು ಆರನೇ ಸ್ಥಾನಕ್ಕೆ. ಕಾರಣವೂ ವೀಕ್ಷಕರ ಹಾಳೆಯಲ್ಲೇ ಇತ್ತು. ಒಬ್ಬೊಬ್ಬರೂ ಇನ್ನೊಬ್ಬರ ವಾದದ ಲೋಪ ಹುಡುಕುವುದರಲ್ಲಿ ಚತುರರು. ಯಾರೂ ಯಾರ ಮಾತಿಗೂ ಒಪ್ಪುತ್ತಿರಲಿಲ್ಲ. ತೀರ್ಮಾನವಾಗುತ್ತಿರಲಿಲ್ಲ, ಬೇಸರದ ಆದರೆ ಅಗತ್ಯದ ಕೆಲಸಗಳು ಹಾಗೇ ಉಳಿಯುತ್ತಿದ್ದವು.

ಗೆದ್ದ ತಂಡಗಳಲ್ಲಿ ಬೇರೆ ಬೇರೆ ಸ್ವಭಾವದವರು ಬೇರೆ ಬೇರೆ ಕೆಲಸ ಹಿಡಿದಿದ್ದರು. ಇದನ್ನು ಬೆಲ್ಬಿನ್ 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಂಟು 'ತಂಡದ ಪಾತ್ರ'ಗಳಾಗಿ ವಿವರಿಸಿದರು. ಮುಂದೆ ವಿಷಯ ತಜ್ಞನ ಪಾತ್ರ ಸೇರಿ ಒಂಬತ್ತಾಯಿತು. ಪಾತ್ರ ಎಂದರೆ ಹುದ್ದೆಯಲ್ಲ, ವಿಷಯ ಜ್ಞಾನವೂ ಅಲ್ಲ. ಕೂಡಿ ಕೆಲಸ ಮಾಡುವಾಗ ಒಬ್ಬ ವ್ಯಕ್ತಿ ಸಹಜವಾಗಿ ಯಾವ ರೀತಿ ನಡೆದುಕೊಳ್ಳುತ್ತಾನೆ ಮತ್ತು ಅದರಿಂದ ಉಳಿದವರಿಗೆ ಏನು ದಕ್ಕುತ್ತದೆ ಎಂಬುದೇ ಪಾತ್ರ.

ನಾಲ್ಕು ಕೆಲಸಗಳು

ಐದು ಮಕ್ಕಳ ಗುಂಪಿಗೆ ಒಂಬತ್ತು ಪಾತ್ರ ಹೆಚ್ಚಾಯಿತು. ಶಾಲೆಯ ಕೆಲಸಕ್ಕೆ ಇದ್ದೇ ತೀರಬೇಕಾದ ನಾಲ್ಕನ್ನು ಮಾತ್ರ ತೆಗೆದುಕೊಂಡೆ. ಪ್ರತಿ ಪಾತ್ರದ ಶಕ್ತಿಗೂ ಒಂದು ದೌರ್ಬಲ್ಯ ಅಂಟಿಕೊಂಡೇ ಇರುತ್ತದೆ ಎಂಬುದು ಬೆಲ್ಬಿನ್ ಅವರ ಮುಖ್ಯ ಮಾತು. ಆ ದೌರ್ಬಲ್ಯವನ್ನು ತಿದ್ದಲು ಹೊರಟರೆ ಶಕ್ತಿಯೂ ಹೋಗಬಹುದು. ಆದ್ದರಿಂದ ಅದನ್ನು ಒಂದು ಮಿತಿಯಲ್ಲಿ ಸಹಿಸಿಕೊಂಡು, ಇನ್ನೊಬ್ಬರ ಶಕ್ತಿಯಿಂದ ತುಂಬಿಸಬೇಕು.

ಮೊದಲನೆಯದು ವಿಚಾರ ಹುಟ್ಟಿಸುವವರು. ಬೆಲ್ಬಿನ್ ಇವರನ್ನು 'ಸಸಿ' ಎಂಬ ಅರ್ಥ ಬರುವ ಪದದಿಂದ ಕರೆದರು, ಯಾಕೆಂದರೆ ಪ್ರತಿ ತಂಡದಲ್ಲಿ ಇಂಥ ಒಬ್ಬರನ್ನು ಬೇಕೆಂದೇ ನೆಟ್ಟು ನೋಡಿದ್ದರು. ತರಗತಿಯಲ್ಲಿ ಇವರ ಗುರುತು, "ಸರ್, ಹಿಂಗೆ ಮಾಡಿದ್ರೆ?" ಎಂಬ ಮಾತು. ಇವರಿಗೆ ವಿವರದ ಮೇಲೆ ಗಮನ ಕಡಿಮೆ. ಉಪಾಯ ಹೇಳಿ ಆಯಿತೆಂದರೆ ಮುಂದಿನದರ ಮೇಲೆ ಕಣ್ಣು. ಒಂದೇ ಗುಂಪಿನಲ್ಲಿ ಇಂಥವರು ಮೂವರಿದ್ದರೆ ಒಬ್ಬರ ಸಸಿ ಇನ್ನೊಬ್ಬರ ನೆರಳಿಗೆ ಒಣಗುತ್ತದೆ.

ಎರಡನೆಯದು ಹೊಂದಿಸುವವರು, ಅಂದರೆ ಸಮನ್ವಯಕರು. ಗುಂಪಿನ ಗುರಿಯನ್ನು ನೆನಪಿಸುವುದು, ಸುಮ್ಮನಿರುವವರನ್ನು ಮಾತಿಗೆ ಎಳೆಯುವುದು, ಕೆಲಸ ಹಂಚುವುದು ಇವರ ಗುಣ. ನಾವು ಸಾಮಾನ್ಯವಾಗಿ ಜೋರು ದನಿಯ ಮಗುವನ್ನು ಅಥವಾ ಕ್ಲಾಸ್ ಲೀಡರ್ ಅನ್ನು ಗುಂಪಿನ ನಾಯಕ ಮಾಡಿಬಿಡುತ್ತೇವೆ. ಹೊಂದಿಸುವ ಮಗುವಿನ ಗುರುತು ಬೇರೆ. "ನೀನು ಏನಂತೀಯ?" ಎಂದು ಇನ್ನೊಬ್ಬರನ್ನು ಕೇಳುವ ಮಗು ಅದು. ಗೆದ್ದ ತಂಡಗಳ ಇಂಥ ಮುಂದಾಳುಗಳು ತಂಡದ ಅತಿ ಬುದ್ಧಿವಂತರಾಗಿರಲೇಬೇಕು ಎಂದಿರಲಿಲ್ಲ ಎಂಬುದು ಬೆಲ್ಬಿನ್ ಅವರ ಗಮನಿಕೆ. ಇವರ ದೌರ್ಬಲ್ಯವೆಂದರೆ, ಕೆಲವೊಮ್ಮೆ ತಮ್ಮ ಕೆಲಸವನ್ನೂ ಬೇರೆಯವರಿಗೆ ಹಂಚಿ ಕೈತೊಳೆದುಕೊಳ್ಳುತ್ತಾರೆ.

ಮೂರನೆಯದು ಮುಗಿಸುವವರು. ಏಕಮಾನ ಬರೆದಿದೆಯೇ, ಪಟ್ಟಿಯ ಕೊನೆಯ ಸಾಲು ತುಂಬಿದೆಯೇ, ಹೇಳಿದ ದಿನಕ್ಕೆ ಕೆಲಸ ಸಿದ್ಧವಿದೆಯೇ ಎಂದು ಚಡಪಡಿಸುವವರು. ಇವರಿಗೆ ಬೇರೆಯವರ ಕೈಗೆ ಕೆಲಸ ಕೊಡಲು ಮನಸ್ಸಾಗುವುದಿಲ್ಲ, ಸಣ್ಣದಕ್ಕೂ ಚಿಂತೆ ಹಚ್ಚಿಕೊಳ್ಳುತ್ತಾರೆ.

ನಾಲ್ಕನೆಯದು ತೂಗಿ ನೋಡುವವರು, ನಾವು ವಿಮರ್ಶಕರು ಎನ್ನಬಹುದು. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಜಾಣರ ಗುಂಪಿನ ಹಾಳೆಯಲ್ಲಿದ್ದ ಆ 12 ಗೆರೆಗಳು ವಿಮರ್ಶೆಯಲ್ಲ. ನನ್ನ ಉಪಾಯ ಗೆಲ್ಲಲಿ ಎಂದು ನಿನ್ನದನ್ನು ಬೀಳಿಸುವುದು ವಾದ. ತೂಗಿ ನೋಡುವವರಿಗೆ ಯಾವ ಉಪಾಯ ಗೆದ್ದರೂ ಸರಿಯೇ, ಅದು ನಿಜವೋ ಎಂಬುದಷ್ಟೇ ಬೇಕು. ಅವರು ನಿಧಾನವಾಗಿ ಮಾತಾಡುತ್ತಾರೆ, ತಡವಾಗಿ ಮಾತಾಡುತ್ತಾರೆ, ಉತ್ಸಾಹಕ್ಕೆ ತಣ್ಣೀರು ಎರಚುವವರಂತೆ ಕಾಣುತ್ತಾರೆ. ಮಣ್ಣನ್ನು ಮುಷ್ಟಿ ಕಟ್ಟಿ ನೋಡಿದ ಹುಡುಗಿ ಮಾಡಿದ್ದು ಇದನ್ನೇ. ಅವಳ ಮನೆಯಲ್ಲಿ ಅಡಿಕೆ ಒಣಗಿಸುತ್ತಾರೆ. ಒಣಗಿದೆ ಎಂದು ಯಾರೋ ಹೇಳಿದರೆ ನಂಬದೆ ಕೈಯಲ್ಲಿ ಹಿಡಿದು ನೋಡುವುದು ಅವಳಿಗೆ ಮನೆಯಿಂದ ಬಂದ ಅಭ್ಯಾಸ.

ಸಮತೋಲ ಇರುವುದು ಹೊತ್ತಿನಲ್ಲಿ

ನಾಲ್ಕು ಬಗೆಯ ಮಕ್ಕಳನ್ನು ಒಂದೊಂದು ಗುಂಪಿಗೆ ಹಾಕಿದರೆ ಸಮತೋಲ ಬಂತೇ? ನಾನು ಹಾಗೆಂದುಕೊಂಡಿದ್ದೆ. ಆದರೆ ಮೊದಲ ಸುತ್ತಿನ ಗುಂಪಿನಲ್ಲಿ ವಿಮರ್ಶಕಿ ಇದ್ದಳಲ್ಲ! ಇದ್ದೂ ಪ್ರಯೋಜನವಾಗಲಿಲ್ಲ, ಯಾಕೆಂದರೆ ಅವಳ ಕೆಲಸಕ್ಕೆ ಅವಧಿಯಲ್ಲಿ ಹೊತ್ತು ಇಟ್ಟಿರಲಿಲ್ಲ.

ಒಂದು ಕೆಲಸದ ಬೇರೆ ಬೇರೆ ಹಂತಕ್ಕೆ ಬೇರೆ ಬೇರೆ ಪಾತ್ರ ಬೇಕು. ವಿಚಾರ ಹುಟ್ಟಿಸುವವರ ಕೆಲಸ ಮೊದಲ ಹತ್ತು ನಿಮಿಷದಲ್ಲಿ ಹೆಚ್ಚು. ಅರ್ಧ ದಾರಿ ದಾಟಿದ ಮೇಲೆ ಹೊಸ ಉಪಾಯ ತಂದರೆ ಗುಂಪು ಮತ್ತೆ ಮೊದಲಿಗೆ ಹೋಗುತ್ತದೆ. ತೂಗಿ ನೋಡುವವರು ಎರಡು ಕಡೆ ಬೇಕು. ಉಪಾಯ ಗೊತ್ತಾದ ಮೇಲೆ, ಕೈ ಹಾಕುವ ಮೊದಲು ಒಮ್ಮೆ. ಅಂಕಿ ಬಂದ ಮೇಲೆ, ತೀರ್ಮಾನ ಬರೆಯುವ ಮೊದಲು ಇನ್ನೊಮ್ಮೆ. ಉಪಾಯ ಹುಟ್ಟುತ್ತಿರುವಾಗಲೇ ಅವರನ್ನು ಬಿಟ್ಟರೆ ಯಾವುದೂ ಚಿಗುರುವುದಿಲ್ಲ, ತೀರ್ಮಾನ ಬರೆದ ಮೇಲೆ ಕರೆದರೆ ಯಾರೂ ಕೇಳುವುದಿಲ್ಲ. ಮುಗಿಸುವವರು ಕೊನೆಯ ಹತ್ತು ನಿಮಿಷಕ್ಕೆ ಬೇಕು. ಹೊಂದಿಸುವವರು ಮಾತ್ರ ಉದ್ದಕ್ಕೂ ಇರಬೇಕು, ಯಾಕೆಂದರೆ ಈಗ ಯಾರ ಸರದಿ ಎಂದು ಹೇಳುವವರು ಅವರೇ.

ಆದ್ದರಿಂದ ಎರಡನೇ ಸುತ್ತಿನ ಪಾಠ ಯೋಜನೆಯಲ್ಲಿ 40 ನಿಮಿಷದ ಅವಧಿಯನ್ನು ಹೀಗೆ ಹಂಚಿದೆ. ಮೊದಲ ಎಂಟು ನಿಮಿಷ ಉಪಾಯ, ಆ ಹೊತ್ತಿನಲ್ಲಿ ಯಾರೂ ಬೇಡ ಎನ್ನುವಂತಿಲ್ಲ. ನಂತರ ಮೂರು ನಿಮಿಷ 'ತಡೆ', ಕೈ ಕೆಲಸವೆಲ್ಲ ನಿಲ್ಲಿಸಿ ವಿಮರ್ಶಕರ ಪ್ರಶ್ನೆ ಕೇಳಬೇಕು. ಹದಿನೈದು ನಿಮಿಷ ಅಳತೆ. ಮತ್ತೆ ಮೂರು ನಿಮಿಷ ತಡೆ. ಕೊನೆಯ ಹನ್ನೊಂದು ನಿಮಿಷ ಬರೆದು ಮುಗಿಸಲು. ಎರಡೂ ತಡೆಗಳ ಹೊತ್ತಿಗೆ ನಾನೇ ಗಂಟೆ ಬಾರಿಸುತ್ತಿದ್ದೆ. ನಿಂತು ಕೇಳುವುದು ಮಕ್ಕಳಿಗೆ ಸಹಜವಾಗಿ ಬರುವುದಿಲ್ಲ. ಅವಸರದಲ್ಲಿದ್ದ ನನಗೂ ಬಂದಿರಲಿಲ್ಲ.

ಗುಂಪು ಕಟ್ಟಿದ ಬಗೆ

ಯಾವ ಮಗು ಯಾವ ಕೆಲಸದ ಕಡೆ ಒಲಿಯುತ್ತದೆ ಎಂದು ತಿಳಿಯಲು ಪ್ರಶ್ನಾವಳಿ ಕೊಡಲಿಲ್ಲ, ಒಂದು ಸಣ್ಣ ಕೆಲಸ ಕೊಟ್ಟೆ. ಒಂದು ಹಳೆಯ ದಿನಪತ್ರಿಕೆಯ ಹಾಳೆಯಿಂದ, ಸೀಮೆಸುಣ್ಣದ ಡಬ್ಬಿಯನ್ನು ಹೊರಬಲ್ಲ ಆದಷ್ಟು ಎತ್ತರದ ಸ್ಟ್ಯಾಂಡ್ ಮಾಡಬೇಕು. ವಿಜ್ಞಾನದ ಜ್ಞಾನ ಇಲ್ಲಿ ಹೆಚ್ಚು ಬೇಕಿಲ್ಲ, ಹಾಗಾಗಿ ಅಂಕದ ನೆರಳು ಬೀಳುವುದಿಲ್ಲ. ನಾಲ್ವರು ಸಹಪಾಠಿಗಳು ಎರಡು ದಿನ ಬಿಡುವಿನ ಅವಧಿಯಲ್ಲಿ ಬಂದು, ಒಂದೊಂದು ಗುಂಪನ್ನು ಹತ್ತು ನಿಮಿಷ ನೋಡಿ, ಅರ್ಧ ನಿಮಿಷಕ್ಕೊಂದು ಗೆರೆ ಎಳೆದರು. ಈ ಬಾರಿ ಗೆರೆಯ ಮುಂದೆ ಮಗುವಿನ ಹಾಜರಿ ಸಂಖ್ಯೆಯನ್ನೂ ಬರೆದರು.

35 ಮಕ್ಕಳಲ್ಲಿ ಎಂಟು ಮಕ್ಕಳು ಉಪಾಯದ ಕಡೆ, ಐವರು ಹೊಂದಿಸುವ ಕಡೆ, ಒಂಬತ್ತು ಮಕ್ಕಳು ಮುಗಿಸುವ ಕಡೆ ಕಂಡರು. ತೂಗಿ ನೋಡುವವರಾಗಿ ಕಂಡದ್ದು ನಾಲ್ವರೇ. ಉಳಿದ ಒಂಬತ್ತು ಮಕ್ಕಳಲ್ಲಿ ಸ್ಪಷ್ಟವಾದ ಒಲವು ಕಾಣಲಿಲ್ಲ.

ವಿಮರ್ಶಕರು ಯಾಕೆ ಇಷ್ಟು ಕಡಿಮೆ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಹುಟ್ಟುಗುಣದಲ್ಲೇ ಕಡಿಮೆ ಎನ್ನಲು ನನಗೆ ಆಧಾರವಿಲ್ಲ. ನಮ್ಮ ತರಗತಿಯಲ್ಲಿ ಉಪಾಯ ಹೇಳಿದ ಮಗುವಿಗೆ 'ಗುಡ್' ಸಿಗುತ್ತದೆ, ಚಂದ ಬರೆದ ಮಗುವಿಗೆ 'ಗುಡ್' ಸಿಗುತ್ತದೆ. "ಇದು ಹೇಗೆ ಗೊತ್ತು ಸರ್?" ಎಂದ ಮಗುವಿಗೆ ಏನು ಸಿಗುತ್ತದೆ ಎಂಬುದನ್ನು ನಾನು ನನ್ನ ಬಾಯಿಂದಲೇ ಕೇಳಿಸಿಕೊಂಡಿದ್ದೆ.

ಏಳು ಗುಂಪಿಗೆ ನಾಲ್ವರೇ ವಿಮರ್ಶಕರು, ಐವರೇ ಸಮನ್ವಯಕರು. ಸಾಲದಿದ್ದ ಕಡೆ ಒಲವು ಸ್ಪಷ್ಟವಿರದ ಮಕ್ಕಳಿಗೆ ಆ ಕೆಲಸವನ್ನು ಕೊಟ್ಟೆ. ಒಬ್ಬರಿಗೆ ಒಂದೇ ಪಾತ್ರ ಎಂದು ಬೆಲ್ಬಿನ್ ಹೇಳುವುದಿಲ್ಲ. ಬಹುಪಾಲು ಜನರಿಗೆ ಸಹಜವಾಗಿ ಒಗ್ಗುವ ಎರಡು ಮೂರು ಪಾತ್ರಗಳಿರುತ್ತವೆ, ಅಗತ್ಯ ಬಿದ್ದರೆ ಇನ್ನೂ ಕೆಲವನ್ನು ನಿಭಾಯಿಸಬಲ್ಲರು. ಜಾಣರ ಗುಂಪಿನ ನಾಲ್ವರನ್ನು ನಾಲ್ಕು ಗುಂಪುಗಳಿಗೆ ಹಂಚಿದೆ.

ಎರಡನೇ ಸುತ್ತು

ಅದೇ ಪ್ರಯೋಗವನ್ನು ಮತ್ತೆ ಮಾಡಿದೆವು. ಮೊದಲ ಸುತ್ತಿನ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ರೈತರು ಕೇಳಿದ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಬರೆದೆ. ಮಕ್ಕಳು ನಕ್ಕರು. ಆಮೇಲೆ, "ಈ ತಪ್ಪನ್ನು ಆ ದಿನವೇ ಒಬ್ಬರು ಹೇಳಿದ್ದರು, ಕೇಳದೇ ಇದ್ದದ್ದು ನಾನು" ಎಂದು ಹೇಳಿದೆ. ಹೆಸರು ಹೇಳಲಿಲ್ಲ, ಮಕ್ಕಳಿಗೆ ಗೊತ್ತಿತ್ತು.

ಮೊದಲ ತಡೆಯಲ್ಲೇ ನಾಲ್ಕು ಗುಂಪುಗಳು ಮಣ್ಣು ಒಣಗಿಸಬೇಕು ಎಂಬ ತೀರ್ಮಾನಕ್ಕೆ ಬಂದವು. ಹಸಿ ಗದ್ದೆ ಮಣ್ಣನ್ನು 50 ಗ್ರಾಂ ತೂಗಿ, ತೆಳುವಾಗಿ ಹರಡಿ ಎರಡು ದಿನ ಬಿಸಿಲಿಗೆ ಇಟ್ಟು ಮತ್ತೆ ತೂಗಿದಾಗ 40 ಗ್ರಾಂ ಬಂತು. ಅಂದರೆ ಮೊದಲ ಸುತ್ತಿನ 50 ಗ್ರಾಂನಲ್ಲಿ 10 ಗ್ರಾಂ ನೀರೇ ಇತ್ತು. ಒಣಗಿದ ಮಣ್ಣನ್ನು 50 ಗ್ರಾಂ ತೆಗೆದುಕೊಂಡು ಮೂರು ಸಲ ಅಳೆದರು. 22, 24, 23 ಮಿ.ಲೀ. ಬಂತು, ಸರಾಸರಿ 23, ಅಂದರೆ 46 ಶೇಕಡ. ಒಣಗಿಸಿದ ತೋಟದ ಮಣ್ಣಿಗೆ 15, 16, 17 ಬಂತು, ಸರಾಸರಿ 16, ಅಂದರೆ 32 ಶೇಕಡ. ರೈತರ ಮಾತೇ ಸರಿಯಾಗಿತ್ತು.

ಹಳೆಯ ಅಂಕಿಯನ್ನೂ ಈಗ ವಿವರಿಸಬಹುದಿತ್ತು. 40 ಗ್ರಾಂ ಒಣ ಮಣ್ಣಿಗೆ 46 ಶೇಕಡ ಎಂದರೆ ಸುಮಾರು 18 ಮಿ.ಲೀ. ಅದರಲ್ಲಿ 10 ಆಗಲೇ ಒಳಗಿತ್ತು, ಉಳಿದ 8 ಮಿ.ಲೀ. ಮಾತ್ರ ಹೀರಿತು. ಮೊದಲ ಸುತ್ತಿನಲ್ಲಿ ಬಂದದ್ದೂ 8. ಅಳತೆ ತಪ್ಪಿರಲಿಲ್ಲ, ಪ್ರಶ್ನೆ ಕೇಳದೆ ತೀರ್ಮಾನಿಸಿದ್ದು ತಪ್ಪಾಗಿತ್ತು. ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಿದ್ದು ಜಾಣರ ಗುಂಪಿನಲ್ಲಿದ್ದ ಹುಡುಗನೇ. ಅವನ ಜಾಣತನ ಈ ಸಲ ಸರಿಯಾದ ಜಾಗದಲ್ಲಿ ಕೆಲಸ ಮಾಡಿತು.

ಎರಡನೇ ತಡೆಯಲ್ಲಿ ಮುಷ್ಟಿ ಕಟ್ಟಿದ ಹುಡುಗಿ ಇನ್ನೊಂದು ಪ್ರಶ್ನೆ ಎತ್ತಿದಳು. "ಸೋಸೋ ಕಾಗದ ಕುಡಿದ ನೀರನ್ನು ಮಣ್ಣಿನ ಲೆಕ್ಕಕ್ಕೆ ಹಾಕ್ತಿದೀವಲ್ಲ?" ಮಣ್ಣಿಲ್ಲದೆ ಬರೀ ಕಾಗದವಿಟ್ಟು ನೋಡಿದರೆ ಅದು 2 ಮಿ.ಲೀ. ಹೀರಿತು. ಎರಡೂ ಮಣ್ಣಿಗೆ ಅದೇ ಕಾಗದ ಬಳಸಿದ್ದರಿಂದ ಹೋಲಿಕೆ ಕೆಡಲಿಲ್ಲ, ಆದರೆ ಶೇಕಡಾವಾರು ಅಂಕಿ ತುಸು ಹೆಚ್ಚಾಗಿದೆ ಎಂದು ಅವರ ಚಾರ್ಟಿನ ಕೆಳಗೆ ಬರೆದರು. ಇದು ನನ್ನ ಪಾಠ ಯೋಜನೆಯಲ್ಲೂ ಇರಲಿಲ್ಲ.

ಕೆಟ್ಟದ್ದು ಎಲ್ಲಿ

ಏಳರಲ್ಲಿ ಐದು ಗುಂಪುಗಳು ಮಾತ್ರ ಹೇಳಿದ ದಿನಕ್ಕೆ ಮುಗಿಸಿದವು. ಮುಗಿಸದ ಒಂದು ಗುಂಪಿನಲ್ಲಿ ಹೊಂದಿಸುವ ಕೆಲಸ ಕೊಟ್ಟ ಹುಡುಗನಿಗೆ ಅದು ಒಗ್ಗಲಿಲ್ಲ. ಇಬ್ಬರು ಉಪಾಯಗಾರರ ನಡುವೆ ಸಿಕ್ಕಿ ಸುಮ್ಮನಾಗಿಬಿಟ್ಟ. ಇಂಥಲ್ಲಿ ಶಿಕ್ಷಕರು ಹತ್ತು ನಿಮಿಷದ ಮಟ್ಟಿಗೆ ಪಕ್ಕದಲ್ಲಿ ಕುಳಿತು ಆ ಪಾತ್ರವನ್ನು ಮಾಡಿ ತೋರಿಸಬೇಕು, ನಾನು ದೂರದಿಂದ ನೋಡುತ್ತಾ ಉಳಿದೆ.

ಇನ್ನೊಂದು ಗುಂಪಿನಲ್ಲಿ ಮುಗಿಸುವ ಹುಡುಗಿ ಚಾರ್ಟನ್ನು ಯಾರಿಗೂ ಮುಟ್ಟಗೊಡದೆ ಮೂರು ಸಲ ಬರೆದಳು. ಉಳಿದ ನಾಲ್ವರು ಖಾಲಿ ಕುಳಿತರು. ಮುಗಿಸುವ ಗುಣ ಮಿತಿ ದಾಟಿದ್ದರ ಗುರುತು ಇದೇ: ಒಂದು ಕೈಗೆ ಕೆಲಸ ಹೆಚ್ಚಾಗುತ್ತಾ, ಉಳಿದ ಕೈಗಳು ಬಿಡುವಾಗುತ್ತಾ ಹೋಗುತ್ತವೆ. ಆಮೇಲೆ ಮುಗಿಸುವವರಿಗೆ ಪರಿಶೀಲನಾ ಪಟ್ಟಿಯನ್ನು ಮಾತ್ರ ಕೊಟ್ಟೆ. ಏನು ಉಳಿದಿದೆ ಎಂದು ಅವರು ಹೇಳಬೇಕು, ಬರೆಯುವುದು ಬೇರೆಯವರು.

ವಿಮರ್ಶಕರ ಕೆಲಸ ಕೊಟ್ಟ ಇಬ್ಬರು ಹುಡುಗರು ಅದನ್ನು ಗೇಲಿ ಮಾಡಲು ಸಿಕ್ಕ ಪರವಾನಗಿ ಎಂದುಕೊಂಡರು. ಅದಕ್ಕೆ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ. 'ಇದು ನಮಗೆ ಹೇಗೆ ಗೊತ್ತಾಯಿತು?', 'ಇನ್ನೊಂದು ಸಲ ಅಳೆದರೆ ಇಷ್ಟೇ ಬರುತ್ತದೆಯೇ?', 'ಎರಡಕ್ಕೂ ಒಂದೇ ರೀತಿ ಮಾಡಿದ್ದೇವೆಯೇ?' ಪ್ರಶ್ನೆ ಕೆಲಸದ ಬಗ್ಗೆ ಇರಬೇಕು, ಕೆಲಸ ಮಾಡಿದವರ ಬಗ್ಗೆ ಅಲ್ಲ.

ನಾಲ್ಕನೆಯ ದೋಷವನ್ನು ನನ್ನ ಮಾರ್ಗದರ್ಶಕ ಉಪನ್ಯಾಸಕರು ತೋರಿಸಿದರು. ಮುಗಿಸುವವರೆಂದು ನಾನು ಗುರುತಿಸಿದ ಒಂಬತ್ತು ಮಕ್ಕಳಲ್ಲಿ ಏಳು ಹುಡುಗಿಯರು. ಉಪಾಯದ ಎಂಟರಲ್ಲಿ ಆರು ಹುಡುಗರು. "ಇದು ಅವರ ಒಲವೋ, ಅಕ್ಷರ ಚಂದ ಇದೆ ಅಂತ ನಾವು ವರ್ಷಗಳಿಂದ ಅವರ ಕೈಗೇ ಸ್ಕೆಚ್ ಪೆನ್ ಕೊಟ್ಟದ್ದರ ಫಲವೋ, ಯೋಚಿಸಿ" ಎಂದರು. ವೀಕ್ಷಣೆಯ ಹಾಳೆ ಒಲವನ್ನೂ ತೋರಿಸುತ್ತದೆ, ರೂಢಿಯನ್ನೂ ತೋರಿಸುತ್ತದೆ. ಎರಡನ್ನೂ ಬೇರ್ಪಡಿಸಲು ಅದಕ್ಕೆ ಬಾರದು. ಹಾಗಾಗಿ ಮೂರನೇ ಯೋಜನೆಗೆ ಪಾತ್ರಗಳನ್ನು ಬದಲಿಸಿಕೊಟ್ಟೆ.

ಸಿದ್ಧಾಂತದ ಮಿತಿ

ಬೆಲ್ಬಿನ್ ನೋಡಿದ್ದು ಅನುಭವಿ ಆಡಳಿತಗಾರರನ್ನು, ಆಟದ ಸನ್ನಿವೇಶದಲ್ಲಿ. ಹದಿಮೂರು ವರ್ಷದ ಮಗುವಿನ ಸ್ವಭಾವ ಇನ್ನೂ ಹದಗೊಳ್ಳುತ್ತಿರುತ್ತದೆ. 'ನೀನು ವಿಮರ್ಶಕಿ', 'ನೀನು ಮುಗಿಸುವವನು' ಎಂದು ಚೀಟಿ ಅಂಟಿಸಿದರೆ ಆ ಮಗು ಉಳಿದ ಮೂರನ್ನು ಕಲಿಯುವುದೇ ಇಲ್ಲ. ಕಂಪನಿಯಲ್ಲಿ ತಂಡ ಕಟ್ಟುವುದು ಕೆಲಸ ಆಗಲಿ ಎಂದು. ಶಾಲೆಯಲ್ಲಿ ಗುಂಪು ಕಟ್ಟುವುದು ಮಗು ಕಲಿಯಲಿ ಎಂದು. ಆದ್ದರಿಂದ ಮೊದಲ ಯೋಜನೆಯಲ್ಲಿ ಒಗ್ಗುವ ಪಾತ್ರ, ಮುಂದಿನದರಲ್ಲಿ ಒಗ್ಗದ ಪಾತ್ರ ಕೊಡುವುದು ಸರಿ ಎಂದು ನನಗೆ ಕಾಣುತ್ತದೆ.

ಬೆಲ್ಬಿನ್ ಪುಸ್ತಕದ ಸ್ವಯಂ ಪ್ರಶ್ನಾವಳಿಯನ್ನು ನಾನು ಬಳಸದಿರಲು ಕಾರಣವಿದೆ. ಅದರಲ್ಲಿ ಏಳು ವಿಭಾಗ, ಪ್ರತಿ ವಿಭಾಗದಲ್ಲಿ 10 ಅಂಕವನ್ನು ಹೇಳಿಕೆಗಳ ನಡುವೆ ನಾವೇ ಹಂಚಬೇಕು. ಎಲ್ಲರ ಒಟ್ಟು ಮೊತ್ತ 70 ಮಾತ್ರ. ಒಂದು ಪಾತ್ರಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗಲೇಬೇಕು. ಹಾಗಾಗಿ ಒಬ್ಬರೊಳಗೆ ಯಾವುದು ಹೆಚ್ಚು ಎಂದು ಹೇಳಬಹುದೇ ಹೊರತು, ಇಬ್ಬರನ್ನು ಹೋಲಿಸಿ ಇವನಿಗಿಂತ ಅವನು ಒಳ್ಳೆಯ ಸಮನ್ವಯಕ ಎನ್ನಲಾಗದು. ಮನೋವಿಜ್ಞಾನಿ ಏಡ್ರಿಯನ್ ಫರ್ನಮ್ ಮತ್ತು ಸಂಗಡಿಗರು 1993ರಲ್ಲಿ ಈ ಪ್ರಶ್ನಾವಳಿಯ ಅಳತೆಯ ಗುಣವನ್ನೇ ಪ್ರಶ್ನಿಸಿದರು. ತರಗತಿಯಲ್ಲಿ ಕಣ್ಣಾರೆ ನೋಡಿ ಎಳೆದ ಗೆರೆಯೂ ಪೂರ್ಣವಲ್ಲ. ಹತ್ತು ನಿಮಿಷದಲ್ಲಿ ಕಂಡದ್ದು ಆ ಹತ್ತು ನಿಮಿಷದ ಮಗುವನ್ನು ಮಾತ್ರ. ಆದರೆ ಅದು ಮಗು ತನ್ನ ಬಗ್ಗೆ ಹೇಳಿಕೊಂಡದ್ದಲ್ಲ, ಮಾಡಿದ್ದು.

ಕೊನೆಯದಾಗಿ ಅಂಕದ ಮಾತು. ಮೊದಲ ಸುತ್ತಿನಲ್ಲಿ ರೂಪಣಾತ್ಮಕ ಮೌಲ್ಯಮಾಪನಕ್ಕೆ ನಾನು ಬಳಸಿದ ನಮೂನೆಯಲ್ಲಿ 'ಮಂಡನೆ', 'ಚಾರ್ಟಿನ ಅಂದ', 'ಭಾಗವಹಿಸುವಿಕೆ' ಎಂಬ ಮೂರು ಕಲಂ ಇದ್ದವು. ಮಣ್ಣು ಒಣಗಿಲ್ಲ ಎಂದು ಹೇಳಿದವಳಿಗೆ ಅಂಕ ಕೊಡಲು ಅದರಲ್ಲಿ ಜಾಗವೇ ಇರಲಿಲ್ಲ. ಭಾಗವಹಿಸುವಿಕೆಯಲ್ಲಿ ನಾನೇ ಅವಳಿಗೆ ಕಡಿಮೆ ಹಾಕಿದ್ದೆ. ಈಗ ನನ್ನ ನಮೂನೆಯಲ್ಲಿ 'ಗುಂಪಿನ ತಪ್ಪನ್ನು ತೀರ್ಮಾನಕ್ಕೆ ಮೊದಲು ಗುರುತಿಸಿದ್ದು' ಎಂಬ ನಾಲ್ಕನೇ ಕಲಂ ಇದೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಗುಂಪು ಯೋಜನೆ ಕೊಡುವ ಮೊದಲು ತಮ್ಮ ನಮೂನೆಯನ್ನು ಒಮ್ಮೆ ತೆಗೆದು, ನಾಲ್ಕು ಕೆಲಸಗಳಲ್ಲಿ ಯಾವುದಕ್ಕೆ ಕಲಂ ಇಲ್ಲ ಎಂದು ನೋಡಲಿ. ಇಲ್ಲದಿರುವ ಕೆಲಸವನ್ನು ಮಕ್ಕಳು ಎರಡನೇ ಸಲ ಮಾಡುವುದಿಲ್ಲ.